ಏಳು ಜನರ ಒಂಬತ್ತು ಹೆಬ್ಬೆರಳು

ಮೂವತ್ತು ವರ್ಷ ಬಸ್ಸಿನಲ್ಲಿ ತಲೆ ಎಣಿಸಿ ನಿವೃತ್ತನಾದ ಕಂಡಕ್ಟರ್ ಈಗ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹೆಬ್ಬೆರಳು ಎಣಿಸುತ್ತಿದ್ದ. ರಜೆಯಲ್ಲಿ ಎಲ್ಲಿಗೆ ಹೋಗುವುದು? ‘ಬೆಟ್ಟ’ ಎಂದೊಂದು ಸಂದೇಶ, ‘ಸಮುದ್ರ’ ಎಂದೊಂದು ಹಾಕಿ, ಬೇಕಾದದ್ದಕ್ಕೆ ಹೆಬ್ಬೆರಳು ಒತ್ತಿ ಎಂದಿದ್ದ. ಮಂಡಿ ನೋವನ್ನು ಮಕ್ಕಳಿಗೆ ಹೇಳಲು ಅವನಿಗೆ ನಾಚಿಕೆ. ಹಾಗಾಗಿ ಸಮುದ್ರ ಗೆಲ್ಲಲೇಬೇಕಿತ್ತು.

ಸಮುದ್ರಕ್ಕೆ ಐದು, ಬೆಟ್ಟಕ್ಕೆ ನಾಲ್ಕು. ಗೆದ್ದೆ ಎಂದು ಹಿಗ್ಗಿದರೂ ಹಳೆಯ ಚಾಳಿ ಬಿಡಲಿಲ್ಲ. ಮನೆಯವರು ಇರುವುದೇ ಏಳು ಜನ!

ಹೆಬ್ಬೆರಳನ್ನು ಒತ್ತಿ ಹೆಸರುಗಳನ್ನು ನೋಡಿದ. ಹೆಂಡತಿ ಎರಡೂ ಕಡೆ ಇದ್ದಳು. ತಾನೂ ಸಮುದ್ರದಲ್ಲಿ ಎರಡು ಸಲ ಇದ್ದ; ಒತ್ತಿ ನೋಡೋಣವೆಂದು ಹಳೆಯ ನಂಬರಿನ ಫೋನಿನಿಂದ ಒತ್ತಿದ್ದು ಅಲ್ಲೇ ಉಳಿದಿತ್ತು. ಆ ಫೋನನ್ನು ಹುಡುಕಿ, ಟಿಕೆಟ್ ಇಲ್ಲದವನನ್ನು ಇಳಿಸುವಂತೆ ತನ್ನನ್ನೇ ಇಳಿಸಿದ. ಈಗ ಎರಡೂ ಕಡೆ ನಾಲ್ಕು.

“ಏನೇ, ಎರಡು ದೋಣಿ ಮೇಲೆ ಕಾಲಿಟ್ಟಿದ್ದೀಯಲ್ಲ! ಒಂದು ತೆಗಿ.”

“ಯಾರಿಗೂ ಬೇಜಾರಾಗ್ಬಾರ್ದು ಅಂತ ಒತ್ತಿದೆ ಕಣ್ರೀ. ಮಂಡಿ ನೋವು ಅಂತ ಹೇಳ್ಬಿಡಿ, ಮುಗೀತು.”

“ಅಯ್ಯೋ ಪಾಪ ಅನ್ನೋ ವೋಟು ನಂಗೆ ಬೇಡ.”

ಅವಳು ಸಮುದ್ರದ ಹೆಬ್ಬೆರಳನ್ನೇ ತೆಗೆದಳು. ಅವನು ಸಪ್ಪೆ ಮೋರೆ ಹಾಕಿಕೊಂಡು, ‘ಬೆಟ್ಟ ನಾಲ್ಕು, ಸಮುದ್ರ ಮೂರು’ ಎಂದು ಫಲಿತಾಂಶ ಬರೆದ.

ಅದರ ಕೆಳಗೆ ಅವಳು ಬರೆದಳು: ‘ಅಪ್ಪನ ಮಂಡಿ ಕೈಕೊಟ್ಟಿದೆ. ಬೆಟ್ಟದ ಮೇಲಕ್ಕೆ ಯಾರು ಹೊತ್ಕೊಂಡು ಹೋಗ್ತೀರಿ? ಅವರು ಹೆಬ್ಬೆರಳು ಒತ್ತಿ.’

ಒಬ್ಬರೂ ಒತ್ತಲಿಲ್ಲ. ಆದರೆ ಮೇಲಿನ ಸಂದೇಶಗಳಲ್ಲಿ ಬೆಟ್ಟದ ಹೆಬ್ಬೆರಳುಗಳು ಒಂದೊಂದಾಗಿ ಸಮುದ್ರಕ್ಕೆ ಇಳಿಯತೊಡಗಿದವು. ಕಂಡಕ್ಟರ್ ಎರಡು ಸಲ ಎಣಿಸಿದ. ಸರಿಯಾಗಿ ಏಳು.