ಯಾರೂ ಹೇಳದೆ ಮಾಡಿದ ಕೆಲಸ

ಫೆಬ್ರುವರಿ ಎರಡು, ಭಾನುವಾರ. ಬೆಳಿಗ್ಗೆಯಿಂದ ಮೋಡ ಕವಿದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ತೆಳುವಾದ ಸ್ನೋ ಬೀಳತೊಡಗಿ, ನೆಲ ಮುಟ್ಟುವ ಮೊದಲೇ ಕರಗುತ್ತಿತ್ತು.

ಅಮೆರಿಕದ ಫ್ಲಶಿಂಗಿನ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ಅಮರೇಶ್ವರ ತನ್ನ ಏಳು ಪುಟದ ರೆಸ್ಯೂಮೆಯನ್ನು ಮೇಜಿನ ಮೇಲಿಟ್ಟು, ದೋಸೆಯ ಎಣ್ಣೆ ತಾಗದಂತೆ ಅಂಗೈ ಅಡ್ಡ ಹಿಡಿದು ಕುಳಿತಿದ್ದ. ಕೊಪ್ಪಳದ ಕಡೆಯವನು, ವಯಸ್ಸು ನಲವತ್ತೆಂಟು. ಬೇರೆಯವರಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಒಂದೇ ಸರ್ವೀಸಸ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ, ಅದರಲ್ಲಿ ಹನ್ನೊಂದು ವರ್ಷ ಜರ್ಸಿ ಸಿಟಿಯ ಒಂದೇ ಕ್ಲೈಂಟಿನ ಕಚೇರಿಯಲ್ಲಿ. ಆ ಕ್ಲೈಂಟ್ ಒಂದು ವಿಮಾ ಸಂಸ್ಥೆ. ಅವರೊಂದಿಗಿನ ಒಪ್ಪಂದ ಜೂನ್ ಕೊನೆಗೆ ಮುಗಿಯುವುದಿತ್ತು. ಆಮೇಲೆ ಡಲ್ಲಾಸಿನ ಪ್ರಾಜೆಕ್ಟಿಗೆ ಹೋಗಬೇಕು, ಇಲ್ಲವಾದರೆ ಕೆಲಸವಿಲ್ಲದೆ ಬೆಂಚಿನ ಮೇಲೆ ಕೂರಬೇಕು ಎಂದು ಕಂಪನಿ ತಿಳಿಸಿತ್ತು. ಮಗಳು ಸಿರಿ ಮನೆಯಿರುವ ವೆಸ್ಟ್ ವಿಂಡ್ಸರಿನ ಹೈಸ್ಕೂಲಿನಲ್ಲಿ ಹನ್ನೊಂದನೆಯ ತರಗತಿ. ಹನ್ನೆರಡನೆಯ, ಕೊನೆಯ ವರ್ಷಕ್ಕೆ ಊರು ಬಿಡಿಸಿದರೆ ಅವಳು ಬಾಯಿಬಿಟ್ಟು ಏನೂ ಹೇಳಳು. ಆ ಮೌನವೇ ಅವನಿಗೆ ಭಯ. ಗ್ರೀನ್ ಕಾರ್ಡಿನ ಸರದಿಗಾಗಿ ಅಷ್ಟು ವರ್ಷ ಕಂಪನಿಗೆ ಅಂಟಿಕೊಂಡಿದ್ದ. ಕಾರ್ಡು ಕೈಗೆ ಬಂದು ಎರಡು ವರ್ಷವಾಗಿತ್ತು. ಈಗ ಕಾಲಿಗೆ ಕಟ್ಟಿದ ಹಗ್ಗವಿರಲಿಲ್ಲ. ನಡೆಯುವ ಅಭ್ಯಾಸ ಮಾತ್ರ ತಪ್ಪಿಹೋಗಿತ್ತು.

ಎದುರಿಗೆ ಕುಳಿತವಳು ನಿಧಿ. ಮೈಸೂರಿನವಳು, ಮೂವತ್ತೆರಡು ವರ್ಷ, ಹ್ಯಾರಿಸನ್‌ನಲ್ಲಿ ವಾಸ. ಐದು ವರ್ಷದ ಹಿಂದೆ ಅವಳೂ ಇಂಥದೇ ಸರ್ವೀಸಸ್ ಕಂಪನಿ ಬಿಟ್ಟು, ತನ್ನದೇ ಸಾಫ್ಟ್‌ವೇರ್ ಮಾಡಿ ಮಾರುವ ಪ್ರಾಡಕ್ಟ್ ಕಂಪನಿ ಸೇರಿದವಳು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಪರಿಚಯವಾದದ್ದು. ಅಂಥ ಕಂಪನಿ ಸೇರುವುದಕ್ಕೆ ಸಹಾಯ ಕೇಳಲು ಅಮರೇಶ್ವರನಿಗೆ ಹತ್ತು ತಿಂಗಳು ಹಿಡಿದಿತ್ತು.

ಅವಳು ಏಳೂ ಪುಟ ಓದಿದಳು. ಹದಿನಾಲ್ಕು ಪ್ರಾಜೆಕ್ಟುಗಳು; ಪ್ರತಿಯೊಂದರ ಕೆಳಗೂ ‘ಜವಾಬ್ದಾರಿಗಳು’ ಎಂಬ ಪಟ್ಟಿ; ಎಲ್ಲಕ್ಕೂ ಮೇಲೆ ದಪ್ಪಕ್ಷರದಲ್ಲಿ ಅಸೋಸಿಯೇಟ್ ಡೈರೆಕ್ಟರ್.

“ಅಂಕಲ್, ಇದು ರೆಸ್ಯೂಮೆ ಅಲ್ಲ, ಟೆಂಡರ್,” ಎಂದಳು ನಿಧಿ. “ನಿಮ್ಮ ಕಂಪನಿ ಏನೇನು ಮಾಡುತ್ತೆ ಅಂತ ಗೊತ್ತಾಯ್ತು. ನೀವೇನು ಮಾಡಿದ್ರಿ?”

ನಾವೆಲ್ಲ ಸೇರಿ ಮಾಡಿದ್ದೇ ಅಲ್ಲವೇ ಎಂದು ಅವನು ವಿವರಿಸಲು ಹೊರಟ. ನಾವು ಡೆಲಿವರಿ ಕೊಟ್ಟೆವು, ನಾವು ಮೈಗ್ರೇಟ್ ಮಾಡಿದೆವು, ನಾವು ಸಪೋರ್ಟ್ ಮಾಡಿದೆವು. ಹತ್ತೊಂಬತ್ತು ವರ್ಷ ಹಾಗೆಯೇ ಕಲಿಸಿದ್ದರು: ಕ್ಲೈಂಟಿನೆದುರು ‘ನಾನು’ ಎಂದವನು ತಂಡ ಒಡೆಯುವವನು. ನಿಧಿ ಬೆರಳು ಮಡಚುತ್ತಾ ಎಣಿಸುತ್ತಿದ್ದಳೆಂಬುದು ಅವನಿಗೆ ಆಮೇಲೆ ತಿಳಿಯಿತು. ಅರ್ಧ ಗಂಟೆಯಲ್ಲಿ ‘ನಾನು’ ಎಂಬ ಮಾತು ಎರಡೇ ಬಾರಿ ಬಂದಿತ್ತು. ಎರಡೂ ಸಲ ತನ್ನ ತಪ್ಪನ್ನು ಹೇಳುವಾಗ.

ಸಂದರ್ಶನದ ಅಭ್ಯಾಸಕ್ಕೆಂದು ಅವಳು ಒಂದು ಸಣ್ಣ ಪ್ರಶ್ನೆ ಕೊಟ್ಟಳು. ಪಾರ್ಸೆಲ್ ಎಲ್ಲಿದೆಯೆಂದು ಗಿರಾಕಿಗೆ ತಿಳಿಸುವ ವ್ಯವಸ್ಥೆಯೊಂದನ್ನು ರೂಪಿಸಬೇಕು. ಅಮರೇಶ್ವರ ಪೆನ್ನಿನ ಮುಚ್ಚಳ ತೆಗೆದು, ಅವಳ ಮುಖ ನೋಡುತ್ತಾ ಕಾದ. ಅವಳೂ ಕಾದಳು.

“ರಿಕ್ವೈರ್‌ಮೆಂಟ್ ಹೇಳಲಿಲ್ಲಲ್ಲವಾ ನೀನು,” ಎಂದ ಕೊನೆಗೆ.

“ಅಲ್ಲಿ ಯಾರೂ ಹೇಳಲ್ಲ ಅಂಕಲ್. ನೀವೇ ಕೇಳಬೇಕು. ಎಷ್ಟು ಜನ, ಎಷ್ಟು ಬೇಗ, ಕೆಟ್ಟರೆ ಏನಾಗಬೇಕು. ಅದೇ ಅವರಿಗೆ ಬೇಕಾಗಿರೋದು.”

ಉತ್ತರ ಕೊಡುವ ಮೊದಲು ಪ್ರಶ್ನೆಯನ್ನೇ ತಿದ್ದಬೇಕಾದ ಪರೀಕ್ಷೆಯೂ ಇರುತ್ತದೆಯೆಂದು ಆ ದಿನದವರೆಗೆ ಅವನಿಗೆ ತಿಳಿದಿರಲಿಲ್ಲ. ದೋಸೆ ತಣ್ಣಗಾಗುತ್ತಿತ್ತು, ಅವನು ಅದನ್ನು ಮರೆತು ಅವಳನ್ನೇ ನೋಡುತ್ತಿದ್ದ.

ಮುಂದಿನ ನಾಲ್ಕು ಶನಿವಾರ ಹ್ಯಾರಿಸನ್‌ಗೆ ಡ್ರೈವ್ ಮಾಡಿಕೊಂಡು ಹೋದ. ಮೊದಲ ಶನಿವಾರ ರೆಸ್ಯೂಮೆ ಎರಡು ಪುಟಕ್ಕೆ ಇಳಿಯಿತು. ಡೈರೆಕ್ಟರ್ ಎಂಬ ಮಾತು ಮೇಲಿನಿಂದ ಕೆಳಕ್ಕೆ ಜಾರಿ ಸಣ್ಣ ಅಕ್ಷರವಾಯಿತು. ಸರ್ವೀಸಸ್ ಕಂಪನಿಯಲ್ಲಿ ಆ ಹೆಸರಿಗಿರುವ ಅರ್ಥವೇ ಬೇರೆ, ಪ್ರಾಡಕ್ಟ್ ಕಂಪನಿಗಳಲ್ಲಿ ಡೈರೆಕ್ಟರ್ ಎಂದರೆ ಹತ್ತಾರು ಇಂಜಿನಿಯರುಗಳನ್ನು ನೇಮಿಸಿ ನಡೆಸಿದವರೆಂದು ತಿಳಿಯುತ್ತಾರೆ, ಅಲ್ಲಿಗೆ ಹೋಗಿ ಸಿಕ್ಕಿಬೀಳುವುದಕ್ಕಿಂತ ಕೈಯಾರೆ ಕೋಡ್ ಬರೆಯುವ ಹುದ್ದೆಗೇ ನಿಲ್ಲುವುದು ಮೇಲು ಎಂಬುದು ನಿಧಿಯ ವಾದ. ಹೆಂಡತಿ ಗಿರಿಜಾದೇವಿಗೆ ಇದನ್ನು ಹೇಳಿದಾಗ ಅವಳು ರೊಟ್ಟಿ ತಟ್ಟುತ್ತಲೇ, “ಪಗಡಿ ತೆಗೆದ್ರ ತಲಿ ಉಳೀತದಲ್ರೀ, ಆತು ಬಿಡ್ರಿ,” ಎಂದಿದ್ದಳು.

ಎರಡನೆಯ ಶನಿವಾರ ನಿಧಿ ಕೇಳಿದಳು: ಹನ್ನೊಂದು ವರ್ಷದಲ್ಲಿ ನಿಮ್ಮ ಕೈಯಿಂದಲೇ ಹುಟ್ಟಿದ್ದು ಯಾವುದು? ಅಮರೇಶ್ವರ ಗುಟ್ಟು ಒಪ್ಪಿಕೊಳ್ಳುವವನಂತೆ ಹೇಳಿದ.

ಕ್ಲೈಂಟಿನ ಕಚೇರಿಯಲ್ಲಿ ಪ್ರತಿದಿನ ವಿಮಾದಾರರಿಗೆ ಸಲ್ಲಬೇಕಾದ ಪಾವತಿಗಳು ಒಟ್ಟಾಗಿ ಬ್ಯಾಂಕಿಗೆ ಹೋಗುತ್ತಿದ್ದವು. ಹಳೆಯ ಪ್ರೋಗ್ರಾಂ ಒಮ್ಮೊಮ್ಮೆ ಪಾವತಿಗಳನ್ನು ಕಳುಹಿಸಿ, ‘ಕಳುಹಿಸಿದೆ’ ಎಂದು ಗುರುತು ಹಾಕುವ ಮೊದಲೇ ನಿಂತುಬಿಡುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಅದೇ ಹಣ ಎರಡನೆಯ ಬಾರಿ ಹೋಗುತ್ತಿತ್ತು. ಆರು ವರ್ಷದ ಹಿಂದೆ ಅಮರೇಶ್ವರ ತಾನಾಗಿಯೇ ಒಂದು ಸಣ್ಣ ಪ್ರೋಗ್ರಾಂ ಬರೆದ. ಕಳುಹಿಸುವ ಮೊದಲು ಅದು ಪ್ರತಿಯೊಂದು ಪಾವತಿಯನ್ನೂ ಆಗಲೇ ಹೋದವುಗಳ ಜೊತೆ ಹೋಲಿಸಿ, ಅನುಮಾನ ಬಂದದ್ದನ್ನು ಪಕ್ಕಕ್ಕಿಡುತ್ತಿತ್ತು. ಕ್ಲೈಂಟಿನ ಮೇಲ್ವಿಚಾರಕಿ ನೋಡಿ ಒಪ್ಪಿ, ಕ್ರಮ ಪ್ರಕಾರ ಅನುಮತಿ ಕೊಟ್ಟಿದ್ದಳು. ಆದರೆ ಒಪ್ಪಂದದಲ್ಲಿ ಆ ಕೆಲಸವಿರಲಿಲ್ಲ, ಆ ಗಂಟೆಗಳಿಗೆ ಬಿಲ್ ಹಾಕಲಾಗಲಿಲ್ಲ. ಕಂಪನಿಯ ಅಂದಿನ ಮ್ಯಾನೇಜರು ಕೋಣೆಗೆ ಕರೆದು, ಕ್ಲೈಂಟಿಗೆ ಬಿಟ್ಟಿ ಕೆಲಸದ ರುಚಿ ಹತ್ತಿಸಬೇಡ, ಇದನ್ನು ಎಲ್ಲೂ ಎತ್ತಬೇಡ ಎಂದಿದ್ದರು. ಅವನು ಎತ್ತಲಿಲ್ಲ. ಏಳು ಪುಟದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

“ಈಗಲೂ ನಡೀತಿದೆಯಾ ಅದು?”

“ದಿನಾ ನಡೀತದವಾ.”

“ಇದನ್ಯಾಕೆ ಬರೀಲಿಲ್ಲ ಅಂಕಲ್?”

“ಯಾರೂ ಹೇಳಿರಲಿಲ್ಲ. ಹೇಳದ ಕೆಲಸ ಮಾಡಿದ್ದು ತಪ್ಪಲ್ಲೇನು?”

ನಿಧಿ ನಗಲಿಲ್ಲ. ಎದ್ದುಹೋಗಿ ಕಿಟಕಿಯ ಬಳಿ ನಿಂತಳು. ಆಮೇಲೆ ಹೇಳಿದಳು: ಕ್ಲೈಂಟಿನ ಹೆಸರು, ಗುಟ್ಟಿನ ವಿವರ ಯಾವುದೂ ಬೇಡ, ಅದರಿಂದ ಏನು ಬದಲಾಯಿತೆಂಬ ಲೆಕ್ಕ ಮಾತ್ರ ತನ್ನಿ.

ಅದು ಅವನ ಬಳಿ ಇತ್ತು. ಯಾವ ದಿನ ಯಾವ ಕೆಲಸ ಕೆಟ್ಟಿತೆಂದು ಎರಡು ಸಾಲು ಬರೆದಿಡುವ ರೂಢಿ ಅವನದು. ಭಾನುವಾರ ಹನ್ನೊಂದು ನೋಟ್‌ಬುಕ್ಕುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತ. ಸಿರಿ ಬಂದು ತಾನಾಗಿಯೇ ಒಂದು ಪುಸ್ತಕ ಎಳೆದುಕೊಂಡು ಎಣಿಸತೊಡಗಿದಳು. ಪ್ರೋಗ್ರಾಂ ಬರುವ ಹಿಂದಿನ ವರ್ಷ ಹಣ ಎರಡು ಬಾರಿ ಹೋದ ಘಟನೆಗಳು ಮೂವತ್ತೊಂದು. ಬಂದ ಮೊದಲ ವರ್ಷ ಎರಡು. ಆಮೇಲಿನ ಐದು ವರ್ಷ ಒಂದೂ ಇಲ್ಲ.

“You did this, Appa?” ಎಂದಳು ಸಿರಿ.

ಅವನು ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಆರು ವರ್ಷ ಬೆನ್ನ ಹಿಂದೆಯೇ ನಿಂತಿದ್ದ ಕೆಲಸವನ್ನು ಅವನು ಅಂದು ಮೊದಲ ಬಾರಿ ಮುಂದಿನಿಂದ ನೋಡಿದ.

ಆ ಸಂಖ್ಯೆಗಳು ರೆಸ್ಯೂಮೆಯ ಮೊದಲ ಸಾಲಾದವು. ನಿಧಿ ತನ್ನ ಹಿಂದಿನ ಸಹೋದ್ಯೋಗಿಯೊಬ್ಬನ ಮೂಲಕ ಮ್ಯಾನ್‌ಹಾಟನ್ನಿನ ಒಂದು ಕಂಪನಿಗೆ ಶಿಫಾರಸು ಮಾಡಿಸಿದಳು. ಸಣ್ಣ ವ್ಯಾಪಾರಿಗಳಿಗೆ ಹಣ ಪಾವತಿಯ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ನೇಮಕಾತಿಯವರ ಫೋನು ಬಂತು. ಒಂದು ಗಂಟೆಯ ಪ್ರಾಥಮಿಕ ಕೋಡಿಂಗ್ ಪರೀಕ್ಷೆ ವಿಡಿಯೋದಲ್ಲಿ ಮುಗಿಯಿತು. ಮಾರ್ಚ್ ಹನ್ನೊಂದು, ಮಂಗಳವಾರ, ನಾಲ್ಕು ಸುತ್ತಿಗೆ ಕಚೇರಿಗೇ ಬರಹೇಳಿದರು.

ಪ್ರಿನ್ಸ್‌ಟನ್ ಜಂಕ್ಷನ್ನಿನಿಂದ ರೈಲು ಹಿಡಿದು ಹೋದ. ಬಿಸಿಲು ಹಿತವಾಗಿತ್ತು. ಇಪ್ಪತ್ತೆರಡನೆಯ ಮಹಡಿ. ಕೂರಿಸಿದ ಕೋಣೆಯ ಒಂದು ಗೋಡೆ ಪೂರ್ತಿ ಗಾಜು. ಕೆಳಗೆ ಹಡ್ಸನ್ ನದಿ, ಆಚೆ ದಡದಲ್ಲಿ ಜರ್ಸಿ ಸಿಟಿ. ಕಣ್ಣು ಕಿರಿದು ಮಾಡಿ ಹುಡುಕಿದ. ಹನ್ನೊಂದು ವರ್ಷ ತಾನು ದುಡಿದ ಕಟ್ಟಡ ಬೆಂಕಿಪೊಟ್ಟಣದಷ್ಟು ಕಂಡಿತು. ಅದರ ಕಿಟಕಿಯಿಂದ ಈ ದಡವನ್ನು ಪ್ರತಿದಿನ ನೋಡಿದ್ದ. ಈ ದಡದಿಂದ ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಮೊದಲ ಸುತ್ತು ಕೋಡಿಂಗ್. ಉತ್ತರ ಸರಿಯಿತ್ತು, ನಿಧಾನವಾಯಿತು. ಎರಡನೆಯದರಲ್ಲಿ ಗೋದಾಮಿನ ದಾಸ್ತಾನಿನ ವ್ಯವಸ್ಥೆ ರೂಪಿಸಲು ಹೇಳಿದರು. ಅಮರೇಶ್ವರ ಬಿಳಿಹಲಗೆಯನ್ನು ಮುಟ್ಟುವ ಮೊದಲು ಹನ್ನೊಂದು ಪ್ರಶ್ನೆ ಕೇಳಿದ. ಕೇಳುತ್ತಾ ಹೋದಂತೆ ಎದುರಿನವನ ಕುರ್ಚಿ ಮುಂದಕ್ಕೆ ಸರಿಯಿತು. ಮೂರನೆಯ ಸುತ್ತು ಮ್ಯಾನೇಜರ್ ಜೊತೆ ಮಾತುಕತೆ. ನಾಲ್ಕನೆಯದು, ಹಿಂದೆ ಮಾಡಿದ ಒಂದು ಕೆಲಸವನ್ನು ಬೇರುಮಟ್ಟ ಬಗೆದು ಕೇಳುವ ಸುತ್ತು. ಅದಕ್ಕೆ ಬಂದವಳು ಆಯೇಷಾ ಎಂಬ ಹಿರಿಯ ಇಂಜಿನಿಯರ್. ಅಮೆರಿಕದಲ್ಲೇ ಬೆಳೆದವಳು, ನಿಧಾನದ ಮಾತು.

ಅವಳು ಒಂದು ಗಂಟೆ ಆ ಒಂದೇ ಪ್ರೋಗ್ರಾಮಿನ ಸುತ್ತ ನಡೆದಳು. ಹಳೆಯ ಪ್ರೋಗ್ರಾಮನ್ನೇ ಏಕೆ ಸರಿಪಡಿಸಲಿಲ್ಲ? ಅದು ಬೇರೊಂದು ಕಂಪನಿಯ ಸುಪರ್ದಿನಲ್ಲಿತ್ತು, ಮುಟ್ಟುವಂತಿರಲಿಲ್ಲ. ಮುಟ್ಟುವಂತಿದ್ದರೆ? ಪ್ರತಿ ಪಾವತಿಗೂ ಅದರದೇ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಪಡೆಯುವ ಕಡೆಯವರೇ ನಿರಾಕರಿಸುವಂತೆ ಮಾಡುತ್ತಿದ್ದೆ. ಆಮೇಲೆ ಕೇಳಿದಳು: ನಿಮ್ಮ ಪ್ರೋಗ್ರಾಂ ಯಾವಾಗಲಾದರೂ ತಪ್ಪು ಮಾಡಿತೇ?

ಕ್ಲೈಂಟಿನೆದುರು ಇಂಥ ಪ್ರಶ್ನೆಗೆ ಒಂದು ಸಿದ್ಧ ಉತ್ತರವಿರುತ್ತದೆ: ಸಣ್ಣ ಅಡಚಣೆ, ಕೂಡಲೇ ಪರಿಹರಿಸಲಾಯಿತು. ಅದು ನಾಲಗೆಯ ತುದಿಗೆ ಬಂತು. ಅಮರೇಶ್ವರ ಅದನ್ನು ನುಂಗಿ, ನಡೆದದ್ದು ಹೇಳಿದ. ಮೊದಲ ತಿಂಗಳು ಅದು ಖಾತೆ, ಮೊತ್ತ, ತಾರೀಖು ಇಷ್ಟನ್ನೇ ಹೋಲಿಸುತ್ತಿತ್ತು. ಅವಳಿ ಮಕ್ಕಳ ತಾಯಿಯೊಬ್ಬಳಿಗೆ ಒಂದೇ ದಿನ ಒಂದೇ ಮೊತ್ತದ ಎರಡು ಪಾವತಿ ಹೋಗಬೇಕಿತ್ತು. ಎರಡನೆಯದನ್ನು ಪ್ರೋಗ್ರಾಂ ತಡೆಯಿತು. ಅವಳ ಹಣ ಎರಡು ದಿನ ತಡವಾಯಿತು. ಅದು ನನ್ನ ತಪ್ಪು ಎಂದ. ಆ ದಿನವೇ ಕ್ಲೇಮಿನ ಸಂಖ್ಯೆಯನ್ನೂ ಹೋಲಿಕೆಗೆ ಸೇರಿಸಿದೆ, ತಡೆದದ್ದನ್ನು ಬೆಳಿಗ್ಗೆ ಮನುಷ್ಯರೇ ನೋಡುವಂತೆ ಮಾಡಿದೆ ಎಂದ.

ಆಯೇಷಾ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ಇದನ್ನು ಮಾಡಲು ನಿಮಗೆ ಹೇಳಿದವರು ಯಾರು ಎಂದು ಕೇಳಿದಳು.

ಆರು ವರ್ಷದ ಹಿಂದಿನ ಕೋಣೆ, ಮುಚ್ಚಿದ ಬಾಗಿಲು ನೆನಪಾದವು.

“ಯಾರೂ ಹೇಳಲಿಲ್ಲ,” ಎಂದ. “ನಾನು ಮಾಡಿದೆ.”

ಅವಳು ಪೆನ್ನನ್ನು ಮೇಜಿನ ಮೇಲಿಟ್ಟು, ಕೋಣೆಗೆ ಬಂದಾಗಿನಿಂದ ಮೊದಲ ಬಾರಿ ನಕ್ಕಳು. ಈ ಕಂಪನಿಯಲ್ಲಿ ದಿನವೂ ಮಾಡಬೇಕಾದದ್ದು ಅದೇ ಎಂದಳು. ಬೈಸಿಕೊಂಡ ಕೆಲಸವೇ ಇಲ್ಲಿ ಉದ್ಯೋಗದ ಹೆಸರಾಗಿತ್ತು. ನದಿ ಒಂದೇ, ದಡ ಬೇರೆ. ಅಮರೇಶ್ವರ ಗಾಜಿನಾಚೆ ನೋಡಿದ. ಬೆಂಕಿಪೊಟ್ಟಣದ ಹಿಂದೆ ಸಂಜೆಯ ಸೂರ್ಯ ಇಳಿಯುತ್ತಿದ್ದ. ಈ ಹೊತ್ತಿಗೂ ಅದರೊಳಗೆಲ್ಲೋ ಆ ಪ್ರೋಗ್ರಾಂ ಪಾವತಿಗಳನ್ನು ಕಾಯುತ್ತಿದೆ ಎನಿಸಿತು.

ಸಂದರ್ಶಿಸಿದ ನಾಲ್ವರೂ ಬೇರೆಬೇರೆಯಾಗಿ ಅಭಿಪ್ರಾಯ ಬರೆದು, ಆಮೇಲೆ ಒಟ್ಟಿಗೆ ಕುಳಿತು ತೀರ್ಮಾನಿಸುತ್ತಾರೆಂದು ನಿಧಿ ಹೇಳಿದ್ದಳು. ಒಂಬತ್ತನೆಯ ದಿನ, ಗುರುವಾರ, ಫೋನು ಬಂತು. ಕೋಡಿಂಗ್ ಸಾಧಾರಣವಾದ್ದರಿಂದ ಕೇಳಿದ ಹುದ್ದೆಗಿಂತ ಒಂದು ಮೆಟ್ಟಿಲು ಕೆಳಗೆ, ಸೀನಿಯರ್ ಇಂಜಿನಿಯರ್. ಕೈಕೆಳಗೆ ಯಾರೂ ಇಲ್ಲ. ವಾರಕ್ಕೆ ಮೂರು ದಿನ ಕಚೇರಿ. ಅಮರೇಶ್ವರ ಒಂದು ರಾತ್ರಿ ಯೋಚಿಸಿ ಒಪ್ಪಿದ. ಡಲ್ಲಾಸಿನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಸಿರಿ ಮುಂದಿನ ವರ್ಷದ ವಿಷಯಗಳ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಿಧಿಗೆ ಫೋನ್ ಮಾಡಿ ಹೇಳಿದಾಗ ಅವಳು, “ಇನ್ಮೇಲೆ ನಾವಿಬ್ಬರೂ ಒಂದೇ ಲೆವೆಲ್, ಅಂಕಲ್ ಅನ್ನಲ್ಲ,” ಎಂದಳು. ಫೋನಿಡುವಾಗ ಅಂಕಲ್ ಎಂದೇ ಅಂದಳು.

ಅಂದು ಅವನು ನೋಟ್‌ಬುಕ್ಕಿನಲ್ಲಿ ಈ ದಡ ತಲುಪಲು ತಗುಲಿದ ಖರ್ಚು ಬರೆದ. ಫ್ಲಶಿಂಗಿನ ದಿನ ರೈಲು ಮೂವತ್ತೆಂಟೂವರೆ ಡಾಲರ್, ಸಬ್‌ವೇ ಐದು ಎಂಬತ್ತು, ಇಬ್ಬರ ದೋಸೆ ಕಾಫಿ ಇಪ್ಪತ್ತೇಳು. ಹ್ಯಾರಿಸನ್‌ಗೆ ನಾಲ್ಕು ಬಾರಿ ಗ್ಯಾಸ್, ಟೋಲ್ ಸೇರಿ ಎಪ್ಪತ್ತೆರಡು. ಕೋಡಿಂಗ್ ಅಭ್ಯಾಸದ ವೆಬ್‌ಸೈಟಿಗೆ ಒಂದು ತಿಂಗಳಿಗೆ ಮೂವತ್ತೈದು. ಸಂದರ್ಶನಕ್ಕೆಂದು ಬೂಟು ಎಂಬತ್ತೊಂಬತ್ತು. ಸಂದರ್ಶನದ ದಿನ ರೈಲು ಮೂವತ್ತೆಂಟೂವರೆ, ಕಾಫಿ ನಾಲ್ಕು ಎಪ್ಪತ್ತೈದು. ಒಟ್ಟು ಮುನ್ನೂರ ಹತ್ತು ಡಾಲರ್ ಐವತ್ತೈದು ಸೆಂಟ್.