ಚನಿಯ ಕೇಳಿದ ಇಪ್ಪತ್ತು ನಿಮಿಷ

ಚನಿಯನಿಗೆ ಹೆದರುವವರು ಆ ಆಫೀಸಿನಲ್ಲಿ ಯಾರೂ ಇರಲಿಲ್ಲ. ಚನಿಯ ಮಾತ್ರ ಎಲ್ಲರಿಗೂ ಹೆದರುತ್ತಿದ್ದ. ಪುತ್ತೂರಿನ ಕಡೆಯಿಂದ ಹುಡುಗನಾಗಿ ದಿಲ್ಲಿಗೆ ಬಂದು, ಊರಿನವರ ಹೋಟೆಲಿನಲ್ಲಿ ಟೇಬಲ್ ಒರೆಸಿ, ಆಮೇಲೆ ಕ್ಯಾಬ್ ಓಡಿಸಿ, ಈಗ ಗುರುಗ್ರಾಮದ ಒಂದು ಕಾಲ್ ಸೆಂಟರಿನಲ್ಲಿ ಸಿಬ್ಬಂದಿಯ ಕ್ಯಾಬುಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಆಗಿದ್ದ. ಕೆಲಸ ಕಾಂಟ್ರ್ಯಾಕ್ಟಿನದು. ಪ್ರತಿ ವರ್ಷ ಅದನ್ನು ಮುಂದುವರಿಸುವ ಸಹಿ ಹಾಕುವವನು ಅಡ್ಮಿನ್ ಹೆಡ್ ರಾಹುಲ್, ಚನಿಯನಿಗಿಂತ ಹದಿನೈದು ವರ್ಷ ಚಿಕ್ಕವನು.

ಆ ವರ್ಷ ಕ್ಯಾಬಿನ ಗುತ್ತಿಗೆ ಹೊಸ ಕಂಪನಿಯ ಕೈಗೆ ಹೋಯಿತು. ರಾತ್ರಿ ಪಾಳಿಯ ಕ್ಯಾಬಿನಲ್ಲಿ ಮೊದಲು ಹತ್ತುವವಳು ಅಥವಾ ಕೊನೆಗೆ ಇಳಿಯುವವಳು ಹೆಂಗಸಾದರೆ ಜೊತೆಗೆ ಒಬ್ಬ ಗಾರ್ಡ್ ಇರಬೇಕು ಎನ್ನುವುದು ನಿಯಮ. ಹೊಸ ಕಂಪನಿ ಹಲವು ರೂಟುಗಳಲ್ಲಿ ಗಾರ್ಡುಗಳನ್ನು ತೆಗೆದುಹಾಕಿತು. ಚನಿಯ ಕೇಳಿದಾಗ ರಾಹುಲ್ ಮೊಬೈಲಿನಿಂದ ತಲೆ ಎತ್ತದೆ, “ಆ್ಯಪಿನಲ್ಲಿ ಗಾಡಿ ಎಲ್ಲಿದೆ ಅಂತ ಕಾಣುತ್ತದಲ್ಲ, ಮತ್ತೆ ಗಾರ್ಡ್ ಯಾಕೆ?” ಎಂದಿದ್ದ. ಚನಿಯ ಅದನ್ನೇ ಮೇಲ್‌ನಲ್ಲಿ ಬರೆದು ಕೇಳಿದ. ಎಚ್.ಆರ್.ಗೂ ಬರೆದ. ಅಲ್ಲಿಂದ ಬಂದ ಉತ್ತರ ಒಂದೇ ಸಾಲು: ಇದು ಅಡ್ಮಿನ್ ವಿಭಾಗದ ತೀರ್ಮಾನ.

ಅಷ್ಟಕ್ಕೇ ಅವನು ಸುಮ್ಮನಾಗುತ್ತಿದ್ದನೇನೋ. ಆದರೆ ಒಂದು ಮಧ್ಯಾಹ್ನ ಗೇಟಿನ ಹೊರಗಿನ ಚಹಾ ಗಾಡಿಯ ಹತ್ತಿರ ಚಿನ್ಮಯಿ ಎಂಬ ಹುಡುಗಿ ಅವನನ್ನು ಹುಡುಕಿಕೊಂಡು ಬಂದಳು. ದಾವಣಗೆರೆಯವಳು, ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಕನ್ನಡ ಮಾತಾಡುವವರು ಎಂದು ಅವನನ್ನು ಅಂಕಲ್ ಎನ್ನುತ್ತಿದ್ದಳು. ಲೋಟದ ಚಹಾ ಅವಳ ಕೈಯಲ್ಲೇ ಆರಿಹೋಯಿತು.

“ಅಂಕಲ್, ನಿನ್ನೆ ರಾತ್ರಿ ಉಳಿದವರು ಇಳಿದ ಮೇಲೆ ಡ್ರೈವರ್ ರೂಟ್ ಬಿಟ್ಟು ಹೊಲದ ಕಡೆ ಗಾಡಿ ತಿರುಗಿಸಿದ. ಲೈಟ್ ಆರಿಸಿ ನಿಲ್ಲಿಸಿದ. ನಾನು ಕಿರುಚಿದರೂ ಮಾತಾಡಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡ್ತಾ ಕೂತಿದ್ದ. ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂತು. ಆಮೇಲೆ ಗಾಡಿ ಹೊರಡಿಸಿದ.”

“ಕಂಪ್ಲೇಂಟ್ ಕೊಟ್ಟಿಯಾಮ್ಮಾ?”

“ಇಲ್ಲ. ನೀವೂ ನನ್ನ ಹೆಸರು ಹೇಳಬೇಡಿ. ಅಪ್ಪನಿಗೆ ಗೊತ್ತಾದರೆ ನಾಳೆಯೇ ಊರಿಗೆ ಕರ್ಕೊಂಡು ಹೋಗ್ತಾರೆ.”

ಹೇಳುವುದಿಲ್ಲ ಎಂದು ಚನಿಯ ಮಾತು ಕೊಟ್ಟ. ಆ ಡ್ರೈವರನನ್ನು ಅದೇ ಸಂಜೆ ರೂಟಿನಿಂದ ತೆಗೆದ. ಹೊಸ ಕಂಪನಿ ಅವನ ಜಾಗಕ್ಕೆ ಇನ್ನೊಬ್ಬನನ್ನು ಕಳಿಸಿತು, ಗಾರ್ಡ್ ಇಲ್ಲದೆ. ಅಂದಿನಿಂದ ಚನಿಯ ರಾತ್ರಿ ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದ. ಅವನ ಮಗಳು ಪ್ರಜ್ಞಾಳಿಗೂ ಚಿನ್ಮಯಿಯದೇ ವಯಸ್ಸು.

ದಿಲ್ಲಿಯ ಮುನಿರ್ಕಾದ ಎರಡು ಕೋಣೆಯ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅವನು ಮಗಳ ಎದುರು ಮೊಬೈಲ್ ಹಿಡಿದು ಕೂತ. ಇನ್ನು ಉಳಿದಿರುವುದು ಕಂಪನಿಯ ಎಂ.ಡಿ. ಸೂರಿ ಸಾಹೇಬರೊಬ್ಬರೇ. ಅವರನ್ನು ಕಾಣಬೇಕಾದರೆ ಅವರ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಅಮಿತಾ ಮೇಡಂ ಮೂಲಕವೇ ಹೋಗಬೇಕು. ಚನಿಯ ಬರೆದಿದ್ದು ಇಷ್ಟು: ಬಹಳ ಅರ್ಜೆಂಟ್, ಎಂ.ಡಿ. ಸಾಹೇಬರನ್ನು ಇವತ್ತೇ ನೋಡಬೇಕು, ದಯವಿಟ್ಟು.

ಪ್ರಜ್ಞಾ ಓದಿ ನಕ್ಕಳು. ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು.

“ಪಪ್ಪಾ, ಯಾಕೆ ಅಂತಾನೇ ಬರೆದಿಲ್ಲ. ವೋ ಮೇಡಂ ಕೈಸೆ ಸಮ್‌ಝೇಗಿ, ಅವರಿಗೆ ಹೇಗೆ ಅರ್ಥ ಆಗ್ಬೇಕು? ಇವತ್ತೇ ಅಂದ್ರೆ ಇವತ್ತು ಆಗಲ್ಲ ಅಂತ ಒಂದೇ ಮಾತು ಹೇಳಿ ಬಿಡ್ತಾರೆ.”

“ಯಾಕೆ ಅಂತ ಬರೆದರೆ ಆ ಹುಡುಗಿಯ ಹೆಸರು ಕೇಳ್ತಾರೆ.”

“ಹೆಸರು ಬೇಡ. ವಿಷಯ ಮಾತ್ರ.”

ಅಡುಗೆ ಕೋಣೆಯಿಂದ ಹೆಂಡತಿ ಲೋಲಾಕ್ಷಿ ಹೊರಗೆ ಬಂದಳು. “ನಿಮಗೆ ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡ್ತಾರೆ?” ಎಂದಳು. ಆಮೇಲೆ ಮೊಬೈಲಿನ ಕಡೆ ಒಮ್ಮೆ ಬಗ್ಗಿ ನೋಡಿ, “ಬರೆಯೋದಾದರೆ ಸರಿಯಾಗಿ ಬರೀರಿ” ಎಂದು ಒಳಗೆ ಹೋದಳು.

ಕೊನೆಗೆ ಮೇಲ್ ಹೀಗಾಯಿತು. ರಾತ್ರಿ ಪಾಳಿಯ ಮಹಿಳೆಯರ ಕ್ಯಾಬುಗಳಲ್ಲಿ ಗಾರ್ಡ್ ಇಲ್ಲದಿರುವ ಬಗ್ಗೆ ಎಂ.ಡಿ. ಅವರ ಒಂದು ತೀರ್ಮಾನ ಬೇಕಾಗಿದೆ. ಇಪ್ಪತ್ತು ನಿಮಿಷ ಸಾಕು. ಅಡ್ಮಿನ್ ಮತ್ತು ಎಚ್.ಆರ್. ವಿಭಾಗಗಳಿಗೆ ಈಗಾಗಲೇ ಬರೆದಿದ್ದೇನೆ. ಈ ವಾರ ಅಥವಾ ಮುಂದಿನ ವಾರ, ಬೆಳಿಗ್ಗೆ ಎಂಟರಿಂದ ಸಂಜೆ ಏಳರೊಳಗೆ, ಅವರಿಗೆ ಅನುಕೂಲವಾದ ಯಾವ ಹೊತ್ತಿಗಾದರೂ ಬರುತ್ತೇನೆ. ಫೋನಿನಲ್ಲಾದರೂ ಸರಿ, ಅವರ ಪರವಾಗಿ ಬೇರೆ ಯಾರನ್ನಾದರೂ ಸೂಚಿಸಿದರೂ ಸರಿ. ಒಂದು ಪುಟದ ಟಿಪ್ಪಣಿ ಸಿದ್ಧವಿದೆ, ಬೇಕೆಂದರೆ ಮೊದಲೇ ಕಳಿಸುತ್ತೇನೆ.

ಕಳಿಸುವ ಬಟನ್ ಪ್ರಜ್ಞಾ ಒತ್ತಲಿಲ್ಲ. “ನೀವೇ ಒತ್ತಿ” ಎಂದು ಮೊಬೈಲನ್ನು ಅಪ್ಪನ ಕೈಗೆ ಕೊಟ್ಟಳು.

ಸೋಮವಾರ ಊಟದ ಹೊತ್ತಿಗೆ ಫೋನ್ ಬಂತು. ಅಮಿತಾ ಮೇಡಂ ಸ್ವಚ್ಛವಾದ ಹಿಂದಿಯಲ್ಲಿ ಮಾತಾಡಿದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

“ಚನಿಯ ಜೀ, ಮೇಲ್ ಓದಿದೆ. ಎರಡು ವಿಷಯ ಕೇಳಬೇಕು. ಸರ್‌ನಿಂದ ನಿಮಗೆ ಬೇಕಾದ ತೀರ್ಮಾನ ಏನು, ಒಂದೇ ಮಾತಿನಲ್ಲಿ?”

“ಗಾರ್ಡುಗಳನ್ನು ವಾಪಸ್ ಹಾಕಬೇಕು, ಮೇಡಂ.”

“ಅಚ್ಛಾ. ನೀವು ಸರ್ ಹತ್ತಿರ ಸಮಯ ಕೇಳಿದ್ದು ರಾಹುಲ್ ಅವರಿಗೆ ಗೊತ್ತಾ?”

“ಇಲ್ಲ. ದಯವಿಟ್ಟು ಅವರಿಗೆ ಹೇಳಬೇಡಿ.”

“ನಾನಾಗಿ ನಿಮ್ಮ ಮೇಲ್ ಯಾರಿಗೂ ಕಳಿಸುವುದಿಲ್ಲ. ಆದರೆ ಸರ್‌ಗೆ ವಿಷಯ ಹೇಳಲೇಬೇಕು. ರಾಹುಲ್ ಅವರನ್ನೂ ಕರಿ ಅಂತ ಅವರು ಅಂದರೆ ನಾನು ಬೇಡ ಅನ್ನಲು ಆಗದು. ಬೇರೆಯವರಿಂದ ತಿಳಿಯುವುದಕ್ಕಿಂತ ನಿಮ್ಮಿಂದಲೇ ತಿಳಿದರೆ ಒಳ್ಳೆಯದು. ಇದು ನನ್ನ ಅಭಿಪ್ರಾಯ ಅಷ್ಟೇ, ಷರತ್ತು ಅಲ್ಲ. ಟಿಪ್ಪಣಿ ಕಳಿಸಿ. ಗುರುವಾರ ಮೂರೂವರೆಗೆ ಸ್ವಲ್ಪ ಸಮಯ ಹಿಡಿದಿಡುತ್ತೇನೆ. ಪಕ್ಕಾ ಅಲ್ಲ.”

ಆ ಮಧ್ಯಾಹ್ನವೆಲ್ಲ ಚನಿಯ ಪಾರ್ಕಿಂಗಿನಲ್ಲಿ ಗಾಡಿಗಳ ನಡುವೆ ಸುಮ್ಮನೆ ಓಡಾಡಿದ. ಹೇಳದಿದ್ದರೆ ಬೆನ್ನ ಹಿಂದೆ ಮಾಡಿದ ಹಾಗಾಗುತ್ತದೆ. ಹೇಳಿದರೆ ಭೇಟಿಯೇ ತಪ್ಪಬಹುದು. ಎರಡು ಸಲ ರಾಹುಲ್‌ನ ಬಾಗಿಲ ತನಕ ಹೋಗಿ ತಿರುಗಿ ಬಂದ. ಮೂರನೆಯ ಸಲ ಒಳಗಿನಿಂದ ರಾಹುಲ್ಲೇ “ಏನು?” ಎಂದ.

“ಸರ್, ಗಾರ್ಡ್ ವಿಷಯಕ್ಕೆ ಎಂ.ಡಿ. ಸಾಹೇಬರ ಹತ್ತಿರ ಸಮಯ ಕೇಳಿದ್ದೇನೆ. ನಿಮಗೆ ಮೊದಲೇ ಗೊತ್ತಿರಲಿ ಅಂತ.”

ರಾಹುಲ್ ಲ್ಯಾಪ್‌ಟಾಪ್ ಮುಚ್ಚಿದ. “ಅಚ್ಛಾ,” ಎಂದ. “ನಿನ್ನ ಕಾಂಟ್ರ್ಯಾಕ್ಟ್ ಮುಂದಿನ ತಿಂಗಳು ಬರುತ್ತೆ ಅಲ್ವಾ?” ಎಂದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಚನಿಯನಿಗೆ.

ಗುರುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದ. ಮೂರು ಗಂಟೆಗೆ ಅಮಿತಾ ಮೇಡಂ ಮೆಸೇಜ್ ಬಂತು: ಸರ್ ಮೀಟಿಂಗ್ ಮುಗಿದಿಲ್ಲ, ಇವತ್ತು ಆಗುವುದಿಲ್ಲ, ಬೇರೆ ಹೊತ್ತು ಹುಡುಕುತ್ತೇನೆ. ಚನಿಯನಿಗೆ ಅನುಮಾನ ಬಂತು. ರಾಹುಲ್ ಮೇಲಿನವರ ಹತ್ತಿರ ಮಾತಾಡಿರಬೇಕು. ಸೋಮವಾರಕ್ಕೆ ಇಟ್ಟ ಭೇಟಿಯೂ ತಪ್ಪಿತು. ಸಾಹೇಬರು ಮುಂಬೈಗೆ ಹೋಗಿದ್ದರು. ಅವನು ತಡೆಯಲಾರದೆ ಒಂದು ಮೆಸೇಜ್ ಕಳಿಸಿದ: ಮೇಡಂ, ನನಗೆ ಯಾವ ಹೊತ್ತಾದರೂ ಸರಿ, ಹತ್ತು ನಿಮಿಷವಾದರೂ ಸಾಕು. ಅದಕ್ಕೆ ಉತ್ತರ ಬರಲಿಲ್ಲ. ಪ್ರತಿ ದಿನವೂ ಗಾರ್ಡ್ ಇಲ್ಲದ ಕ್ಯಾಬುಗಳು ಹೊರಡುತ್ತಲೇ ಇದ್ದವು. ಚಿನ್ಮಯಿ ಈಗ ಇನ್ನೊಬ್ಬ ಹುಡುಗಿಯ ಜೊತೆ ಅವಳ ಮನೆಯಲ್ಲೇ ಇಳಿದು, ಬೆಳಗಾದ ಮೇಲೆ ತನ್ನ ರೂಮಿಗೆ ಹೋಗುತ್ತಿದ್ದಳು.

ಬುಧವಾರ ಬೆಳಿಗ್ಗೆ ಅವನು ಮೆಟ್ರೊದಲ್ಲಿ ನಿಂತಿದ್ದಾಗ ಫೋನ್ ಬಂತು.

“ಚನಿಯ ಜೀ, ಎಲ್ಲಿದ್ದೀರಿ? ಒಂಬತ್ತಕ್ಕೆ ಬರುವವರು ಬರುತ್ತಿಲ್ಲ. ಹದಿನೈದು ನಿಮಿಷ ಸಿಗುತ್ತೆ. ಬರುತ್ತೀರಾ?”

“ಬರ್ತೀನಿ ಮೇಡಂ.” ಅವನ ಅಂಗಿ ನಿನ್ನೆಯದು.

ಮೇಲಿನ ಮಹಡಿಗೆ ಅವನು ಅದುವರೆಗೆ ಕಾಲಿಟ್ಟಿರಲಿಲ್ಲ. ಅಮಿತಾ ಮೇಡಂ ನರೆತ ಕೂದಲಿನ, ತೆಳ್ಳನೆಯ ಹೆಂಗಸು. ಮುಂದಿನ ಎರಡು ಪರದೆಗಳಿಂದ ಕಣ್ಣು ತೆಗೆಯದೆ ಕೈ ತೋರಿಸಿ ಕೂರಲು ಹೇಳಿದರು. ಆಮೇಲೆ ಒಂದು ಲೋಟ ನೀರು ಅವನ ಕಡೆ ಸರಿಸಿದರು.

“ನಿಮ್ಮ ಟಿಪ್ಪಣಿ ಸರ್ ಓದಿದ್ದಾರೆ. ಮೊದಲಿನಿಂದ ಕಥೆ ಹೇಳಬೇಡಿ. ಬೇಕಾದದ್ದನ್ನು ಮೊದಲು ಹೇಳಿ.”

“ರಾಹುಲ್ ಸರ್ ಇರ್ತಾರಾ?”

“ಅವರನ್ನು ಒಂಬತ್ತೂವರೆಗೆ ಕರೆದಿದ್ದಾರೆ, ಬೇರೆಯಾಗಿ.”

ಒಳಗೆ ಸೂರಿ ಸಾಹೇಬರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಚನಿಯ ನಿಂತೇ, “ಸರ್, ಗಾರ್ಡ್ ವಾಪಸ್ ಬೇಕು” ಎಂದ. ಉಳಿದದ್ದೆಲ್ಲ ಮರೆತುಹೋಯಿತು.

“ಕೂತುಕೊಳ್ಳಿ. ಏನಾದರೂ ಆಗಿದೆಯಾ?”

“ಆಗಿದೆ, ಸರ್.”

“ಯಾರಿಗೆ?”

ಇದೇ ಪ್ರಶ್ನೆಗೆ ಅವನು ಇಷ್ಟು ದಿನ ಹೆದರಿದ್ದು. “ಹೆಸರು ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ,” ಎಂದ. “ಆದದ್ದನ್ನು ಹೇಳ್ತೇನೆ.” ಹೊಲ, ಆರಿಸಿದ ಲೈಟು, ಕನ್ನಡಿ, ಟ್ರ್ಯಾಕ್ಟರ್, ಎಲ್ಲ ಹೇಳಿದ. ಸಾಹೇಬರು ಕೊನೆಗೆ ಒಂದೇ ಕೇಳಿದರು: “ಆ್ಯಪ್ ಇದನ್ನು ತೋರಿಸಲಿಲ್ಲವಾ?”

“ತೋರಿಸಿತು, ಸರ್. ಗಾಡಿ ಅಲ್ಲಿ ನಿಂತದ್ದು ಮಾರನೆಯ ದಿನ ನಾನೂ ನೋಡಿದೆ. ಆ ಹೊತ್ತಿನಲ್ಲಿ ನೋಡುವವರು ಯಾರೂ ಇರಲಿಲ್ಲ.”

ಸಾಹೇಬರು ಕನ್ನಡಕ ಹಾಕಿಕೊಂಡರು. “ಆ ಹುಡುಗಿಗೆ ಬೇಕೆನಿಸಿದಾಗ ದೂರು ಕೊಡುವ ದಾರಿ ಇದೆ ಅಂತ ತಿಳಿಸಿ. ಒತ್ತಾಯ ಬೇಡ.” ಬಾಗಿಲು ತೆರೆದುಕೊಂಡು ಅಮಿತಾ ಮೇಡಂ ನಿಂತಿದ್ದರು. ಹೊತ್ತು ಮುಗಿದಿತ್ತು.

ಹೊರಗೆ ಬಂದು ಅವನು ಲಿಫ್ಟಿನ ಬಟನ್ ಒತ್ತಿದ. ಲಿಫ್ಟ್ ಬಂದು ಬಾಗಿಲು ತೆರೆದಾಗ ಒಳಗಿನಿಂದ ರಾಹುಲ್ ಹೊರಬಂದ. ಚನಿಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸಂಜೆ ಮನೆಯವರೆಲ್ಲ ಏನಾಯಿತು ಎಂದು ಕೇಳಿದರು. “ಗೊತ್ತಿಲ್ಲ, ಏನೂ ಹೇಳಲಿಲ್ಲ” ಎಂದ. ಲೋಲಾಕ್ಷಿ ಗಂಜಿ ಬಡಿಸಿದಳು. ಅವನು ಊಟದ ಮಧ್ಯೆ ಎದ್ದು ಹೋಗಿ ಫೋನ್ ನೋಡಿ ಬಂದ.

ಶುಕ್ರವಾರ ಎಲ್ಲರಿಗೂ ಸುತ್ತೋಲೆ ಬಂತು. ಒಂಟಿ ಹೆಂಗಸು ಪ್ರಯಾಣಿಸುವ ಎಲ್ಲ ರೂಟಿಗೂ ಗಾರ್ಡ್. ಗಾರ್ಡ್ ಬಾರದಿದ್ದರೆ ಗಾಡಿ ಹೊರಡಬಾರದು. ರಾತ್ರಿಯಿಡೀ ಪರದೆಯ ಮುಂದೆ ಕೂತು ಗಾಡಿಗಳನ್ನು ನೋಡಲು ಒಬ್ಬರು. ಕೆಳಗೆ ಸಹಿ ರಾಹುಲ್‌ನದೇ. ಚಿನ್ಮಯಿ ಓದಿ, ಕ್ಯಾಂಟೀನಿನ ಆಚೆ ಬದಿಯಿಂದ ಚನಿಯನ ಕಡೆ ನೋಡಿದಳು, ಹತ್ತಿರ ಬರಲಿಲ್ಲ. ದೂರು ಕೊಡುವ ವಿಷಯ ಅವನೇ ಆಮೇಲೊಮ್ಮೆ ಅವಳಿಗೆ ಹೇಳಿದ. “ನೋಡ್ತೀನಿ ಅಂಕಲ್” ಎಂದಳು.

ಚನಿಯನ ಕಾಂಟ್ರ್ಯಾಕ್ಟ್ ಮುಂದುವರಿಯಿತು, ಆದರೆ ಒಂದು ವರ್ಷಕ್ಕಲ್ಲ, ಮೂರು ತಿಂಗಳಿಗೆ. ರಾಹುಲ್ ಅದನ್ನು ಮೇಜಿನ ಮೇಲೆ ತಳ್ಳುವಾಗ ಮುಖ ನೋಡಲಿಲ್ಲ. ಚನಿಯ ಸಹಿ ಹಾಕಿದ. ಆ ಸಂಜೆ ಪಾರ್ಕಿಂಗಿನಲ್ಲಿ ಅವನು ಪ್ರತಿ ಗಾಡಿಯ ಮುಂದಿನ ಸೀಟಿನಲ್ಲಿ ಗಾರ್ಡ್ ಕೂತಿದ್ದಾನೆಯೇ ಎಂದು ಬಗ್ಗಿ ನೋಡುತ್ತ ಹೋದ.