ಹತ್ತೊಂಬತ್ತು ಅಂಕದ ಬಯೋಡಾಟಾ

ಸಹಿ ಇಲ್ಲದ ಬಯೋಡಾಟಾವನ್ನು ನಾವಿಬ್ಬರೂ ಮುಟ್ಟುತ್ತಿರಲಿಲ್ಲ. ಪಂಪ್‌ವೆಲ್ ಹತ್ತಿರದ ನಮ್ಮ ಆಫೀಸಿನಲ್ಲಿ, ಎರಡನೇ ಮಾಳಿಗೆಯಲ್ಲಿ, ಎದುರುಬದುರು ಎರಡು ಮೇಜು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಅಕ್ಕ. ಆಸ್ಪತ್ರೆಗಳಿಗೆ, ಶಾಲೆಗಳಿಗೆ, ಗಲ್ಫಿನ ಕಂಪೆನಿಗಳಿಗೆ ಜನ ಹುಡುಕಿ ಕೊಡುವ ಕೆಲಸ. ಯಾರಾದರೂ ಬಯೋಡಾಟಾ ತಂದುಕೊಟ್ಟರೆ ನಾನು ಮೊದಲು ಕೊನೆಯ ಪುಟ ತಿರುಗಿಸುತ್ತಿದ್ದೆ. "ಮೇಲೆ ಬರೆದದ್ದೆಲ್ಲ ಸತ್ಯ" ಎಂದು ಟೈಪ್ ಮಾಡಿಸಿದ್ದಾರೆ, ಕೆಳಗೆ ಸಹಿ ಇಲ್ಲ! "ಎಂತ ಮಾರಾಯ್ರೆ, ಸತ್ಯ ಅಂತ ಹೇಳಿದ್ದು ಯಾರು, ಝೆರಾಕ್ಸ್ ಅಂಗಡಿಯವನಾ?" ಎಂದು ವಾಪಸು ಕಳಿಸುತ್ತಿದ್ದೆ. ಅಕ್ಕ ತಲೆ ತಗ್ಗಿಸಿ ನಗುತ್ತಿದ್ದರು.

ಅವರು ನಿಜವಾಗಿ ನನಗೆ ಅಕ್ಕನಲ್ಲ. ಅವರ ಮನೆಮಾತು ಬ್ಯಾರಿ, ನನ್ನದು ತುಳು. ತುಳು ಅವರಿಗೂ ಚೆನ್ನಾಗಿ ಬರುತ್ತದೆ, ಆದರೆ ಮೊದಲ ದಿನ ಕನ್ನಡದಲ್ಲಿ ಮಾತಾಡಿದ್ದು ಹಾಗೆಯೇ ಉಳಿಯಿತು. ನನಗಿಂತ ಮೂರು ವರ್ಷ ದೊಡ್ಡವರು, ಅದಕ್ಕೇ ಅಕ್ಕ. ಹನ್ನೊಂದು ವರ್ಷ ಒಟ್ಟಿಗೆ ಊಟ ಮಾಡಿದೆವು. ಅವರ ಪತ್ತಿರಿ ನನ್ನ ಡಬ್ಬಿಗೆ, ನನ್ನ ಬಸಳೆ ಪದಾರ್ಥ ಅವರ ಡಬ್ಬಿಗೆ. ನನಗೆ ಮದುವೆಯಾಗಿಲ್ಲ. ಅಮ್ಮ ಹೋದ ಮೇಲೆ ಶಕ್ತಿನಗರದ ಮನೆಯಲ್ಲಿ ನಾನೊಬ್ಬಳೇ. ದಿನದಲ್ಲಿ ನಾನು ಬಾಯಿಬಿಟ್ಟು ಮಾತಾಡುವ ಮಾತೆಲ್ಲ ಆ ಮೇಜಿನ ಎದುರೇ ಮುಗಿಯುತ್ತಿತ್ತು.

ಆಮೇಲೆ ಧಣಿಗಳು ಒಂದು ಸಾಫ್ಟ್‌ವೇರ್ ತಂದರು. ಬಯೋಡಾಟಾ ಈಮೇಲಿನಲ್ಲಿ ಬಂದರೆ ಸಾಕು, ಅದೇ ಓದುತ್ತದೆ, ಕೆಲಸಕ್ಕೆ ಬೇಕಾದ ಅನುಭವ, ಓದು ಎಲ್ಲ ಉಂಟಾ ನೋಡಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಅರುವತ್ತರ ಮೇಲಿನವರನ್ನು ಮಾತ್ರ ನಾವು ತೆರೆದು ನೋಡುವುದು. ಎರಡು ಜನ ಮಾಡುವ ಕೆಲಸಕ್ಕೆ ಇನ್ನು ಒಬ್ಬರು ಸಾಕು ಎಂದರು. ಉಳಿದದ್ದು ನಾನು. ಕಂಪ್ಯೂಟರ್ ನನಗೆ ಸ್ವಲ್ಪ ಜಾಸ್ತಿ ಬರುತ್ತದೆ ಎಂಬುದು ಕಾರಣ. "ಇಬ್ಬರನ್ನೂ ಇಟ್ಟುಕೊಳ್ಳಿ" ಎಂದು ನಾನು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಹೇಳಿದರೆ ನನ್ನನ್ನೂ ಕಳಿಸಿಯಾರು ಎಂಬ ಹೆದರಿಕೆ, ಸುಳ್ಳು ಯಾಕೆ ಹೇಳುವುದು?

ಹೋಗುವ ದಿನ ಅಕ್ಕ ಡ್ರಾಯರಿನಿಂದ ತಮ್ಮ ಸ್ಟೀಲ್ ಲೋಟ ತೆಗೆದು ಚೀಲಕ್ಕೆ ಹಾಕಿಕೊಂಡರು. "ಯಾವುದಾದರೂ ಪೋಸ್ಟ್ ಬಂದರೆ ಹೇಳು. ಮನೆಯಲ್ಲಿ ಕೂತರೆ ನನಗೆ ಮರ್ಲ್ ಹಿಡಿಯುತ್ತದೆ" ಎಂದರು. ಹೇಳ್ತೇನೆ ಎಂದೆ. ಅದಾದ ಮೇಲೆ ನಾನು ಫೋನ್ ಮಾಡಲಿಲ್ಲ. ನಾನು ಉಳಿದು ಅವರು ಹೋದ ಮೇಲೆ ಯಾವ ಮುಖದಲ್ಲಿ "ಹೇಗಿದ್ದೀರಿ" ಎಂದು ಕೇಳುವುದು? ಅವರೇ ಮಾಡಲಿ ಎಂದು ಕಾದೆ. ಅವರೂ ಮಾಡಲಿಲ್ಲ. ಮಧ್ಯಾಹ್ನ ಡಬ್ಬಿ ತೆರೆದರೆ ಎದುರಿನ ಮೇಜಿನಲ್ಲಿ ಪ್ರಿಂಟರ್ ಕೂತಿರುತ್ತಿತ್ತು. ನನಗೆ ಅದನ್ನು ನೋಡಿದರೇ ಸಿಟ್ಟು.

ಎರಡು ತಿಂಗಳಿಗೆ ಒಂದು ಆಸ್ಪತ್ರೆಯಿಂದ ಬೇಡಿಕೆ ಬಂತು. ಫ್ರಂಟ್ ಆಫೀಸ್ ನೋಡಿಕೊಳ್ಳಲು ಮೇಲ್ವಿಚಾರಕಿ ಬೇಕು. ಕನ್ನಡ, ತುಳು, ಬ್ಯಾರಿ ಗೊತ್ತಿರಬೇಕು, ಹತ್ತು ವರ್ಷ ಅನುಭವ ಬೇಕು, ವಯಸ್ಸು ಐವತ್ತರ ಒಳಗೆ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡೇ ಬರೆದ ಹಾಗಿತ್ತು! ನಮ್ಮಲ್ಲಿಗೆ ಬರುವ ಮೊದಲು ಏಳು ವರ್ಷ ಅವರು ಒಂದು ನರ್ಸಿಂಗ್ ಹೋಮಿನ ಕೌಂಟರಿನಲ್ಲಿದ್ದವರು. ಐವತ್ತು ತುಂಬಲು ನಾಲ್ಕೇ ತಿಂಗಳು ಇತ್ತು. ಇದು ತಪ್ಪಿದರೆ ಇಂಥ ಆಸ್ಪತ್ರೆಗಳ ಬಾಗಿಲು ಅವರಿಗೆ ಮುಚ್ಚಿದ ಹಾಗೆಯೇ. ನಾನು ಜಾಹೀರಾತನ್ನು ವಾಟ್ಸಾಪಿನಲ್ಲಿ ಕಳಿಸಿದೆ. "ಈ ಈಮೇಲಿಗೆ ಬಯೋಡಾಟಾ ಹಾಕಿ" ಎಂದಷ್ಟೇ ಬರೆದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಕೊನೆಯ ದಿನಾಂಕ ಮುಗಿದ ಮರುದಿನ ಅರುವತ್ತರ ಮೇಲಿನ ಪಟ್ಟಿ ನೋಡಿದೆ. ಅಕ್ಕ ಇಲ್ಲ. ಇಡೀ ಸಿಸ್ಟಮಿನಲ್ಲಿ ಅವರ ಹೆಸರು ಹೊಡೆದು ಹುಡುಕಿದೆ. ಇಲ್ಲ. ಫೋನ್ ನಂಬರು ಹೊಡೆದೆ. ಅದೂ ಇಲ್ಲ. ನನಗೆ ಎಲ್ಲಿಲ್ಲದ ಕೋಪ ಬಂತು. ಓಹೋ, ನನ್ನ ಕೈಯಿಂದ ಹೋಗುವ ಕೆಲಸ ಬೇಡವಾ ನಿಮಗೆ? ಇರಲಿ, ನನಗೂ ಮಾನ ಉಂಟು. ಐದು ಜನರ ಪಟ್ಟಿ ಆಸ್ಪತ್ರೆಗೆ ಹೋಯಿತು. ಅದರಲ್ಲಿ ಒಬ್ಬಳು ಹುಡುಗಿ ಕೆಲಸಕ್ಕೆ ಸೇರಿದಳು.

ಹಳೆಯ ಅರ್ಜಿಗಳನ್ನು ತಿಂಗಳಿಗೊಮ್ಮೆ ಅಳಿಸಬೇಕು. ಅರುವತ್ತರ ಕೆಳಗಿನವನ್ನೆಲ್ಲ ಗುರುತು ಹಾಕಿ ಒಂದೇ ಏಟಿಗೆ ತೆಗೆಯುವುದು ನನ್ನ ರೂಢಿ. ಆ ದಿನ ಇಂಟರ್ನೆಟ್ ತಡವರಿಸುತ್ತಿತ್ತು, ಹಾಗಾಗಿ ಒಂದೊಂದಾಗಿ ಅಳಿಸುತ್ತಾ ಕೂತೆ. ಒಂದರಲ್ಲಿ ಹೆಸರಿನ ಜಾಗ ಖಾಲಿ. ಅಂಕ ಹತ್ತೊಂಬತ್ತು. ಅನುಭವ ಸೊನ್ನೆ ವರ್ಷ. ಹೆಸರೇ ಇಲ್ಲದೆ ಅರ್ಜಿ ಹಾಕಿದ ಈ ಪುಣ್ಯಾತ್ಮ ಯಾರಪ್ಪ ಎಂದು ತೆರೆದೆ. ಮೊದಲು ಕಂಡದ್ದು ಕೆಳಗಿನ ಸಹಿ. ಹನ್ನೊಂದು ವರ್ಷ ಹಾಜರಿ ಪುಸ್ತಕದಲ್ಲಿ ನನ್ನ ಸಹಿಯ ಮೇಲಿನ ಗೆರೆಯಲ್ಲಿ ಇದ್ದ ಸಹಿ. ಅಕ್ಕನದ್ದು.

ಆಗಿದ್ದು ಇಷ್ಟೇ. ಅಕ್ಕ ಪಡೀಲಿನ ಝೆರಾಕ್ಸ್ ಅಂಗಡಿಯಲ್ಲಿ ಬಯೋಡಾಟಾ ಟೈಪ್ ಮಾಡಿಸಿ, ಪ್ರಿಂಟ್ ತೆಗೆಸಿ, ಫೋಟೊ ಅಂಟಿಸಿ, ಸಹಿ ಹಾಕಿ, ಆ ಕಾಗದವನ್ನು ಸ್ಕ್ಯಾನ್ ಮಾಡಿಸಿ ಕಳಿಸಿದ್ದರು. ನಾವು ಊರಿಗೆಲ್ಲ ಕಲಿಸಿದ ಕ್ರಮವೇ ಅದು. ಆದರೆ ಸ್ಕ್ಯಾನ್ ಮಾಡಿದ್ದು ಬರೀ ಚಿತ್ರ. ನಮ್ಮ ಕಣ್ಣಿಗೆ ಅಕ್ಷರ ಕಾಣುತ್ತದೆ, ಕಂಪ್ಯೂಟರಿಗೆ ಅಲ್ಲಿ ಒಂದೂ ಅಕ್ಷರ ಇಲ್ಲ, ಗೋಡೆಯ ಫೋಟೊ ಇದ್ದ ಹಾಗೆ. ಆಗ ಅದು ಚಿತ್ರ ನೋಡಿ ಇದು ಇಂಥ ಅಕ್ಷರ ಇರಬಹುದು ಎಂದು ಊಹಿಸುತ್ತದೆ. ಸ್ಕ್ಯಾನ್ ಮಸುಕಾಗಿತ್ತು, ಕಾಗದ ಸ್ವಲ್ಪ ಓರೆ ಬಿದ್ದಿತ್ತು. ಅಂಗಡಿಯವರು ಚೆಂದಕ್ಕೆ ಎಂದು ಹೆಸರನ್ನು ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಹಾಕಿದ್ದರು, ಅದನ್ನು ಸಿಸ್ಟಮ್ ಓದಲೇ ಇಲ್ಲ. ಅನುಭವವನ್ನೆಲ್ಲ ಗೆರೆ ಎಳೆದ ಕೋಷ್ಟಕದಲ್ಲಿ ಇಟ್ಟಿದ್ದರು. ಗೆರೆಗಳು ಅಂಕೆಗಳಿಗೆ ಅಂಟಿಕೊಂಡು, ಸೊನ್ನೆಗಳು ಇಂಗ್ಲಿಷಿನ ಓ ಅಕ್ಷರವಾಗಿ, ಇಸವಿಗಳು ಇಸವಿಗಳಾಗಿ ಉಳಿದಿರಲಿಲ್ಲ. ಇಸವಿ ಇಲ್ಲದಿದ್ದರೆ ವರ್ಷ ಲೆಕ್ಕ ಹಾಕುವುದು ಹೇಗೆ? ಅದಕ್ಕೇ ಅನುಭವ ಸೊನ್ನೆ. ಫ್ರಂಟ್ ಆಫೀಸ್ ಎಂಬ ಮಾತೇ ಮುರಿದು ಬೇರೇನೋ ಆಗಿತ್ತು. ಫೋನ್ ನಂಬರಿನ ಎಂಟು ಇಂಗ್ಲಿಷಿನ ಬಿ ಆಗಿತ್ತು. ನಾನು ಹುಡುಕಿದಾಗ ಸಿಸ್ಟಮ್ ಹುಡುಕಿದ್ದು ಈ ಹರಕುಮುರುಕು ಬರಹದಲ್ಲಿ. ಎಲ್ಲಿಂದ ಸಿಗಬೇಕು? ಕಳಿಸಿದ ಈಮೇಲ್ ಕೂಡ ಅಂಗಡಿಯದ್ದು.

ನಾನು ಅದನ್ನು ಅಕ್ಷರ ಬಿಡದೆ ಹೊಸದಾಗಿ ಟೈಪ್ ಮಾಡಿದೆ. ಒಂದು ಮಾತು ಸೇರಿಸಲಿಲ್ಲ, ಒಂದು ತೆಗೆಯಲಿಲ್ಲ. ಕೋಷ್ಟಕ ಬಿಟ್ಟು ಸಾದಾ ಸಾಲುಗಳಲ್ಲಿ ಹಾಕಿ, ಪ್ರಿಂಟು ಸ್ಕ್ಯಾನು ಏನೂ ಮಾಡದೆ ನೇರ ಪಿಡಿಎಫ್ ಮಾಡಿ ಸಿಸ್ಟಮಿಗೆ ಕೊಟ್ಟೆ. ಎಂಬತ್ತೊಂದು. ಸೇರಿದ ಹುಡುಗಿಗೆ ಎಪ್ಪತ್ತನಾಲ್ಕು ಬಂದಿತ್ತು. ಆಸ್ಪತ್ರೆಗೆ ಫೋನ್ ಮಾಡಿದೆ, ಅವರು "ಮುಗಿಯಿತಲ್ಲ ಮೇಡಂ" ಎಂದರು. ಧಣಿಗಳಿಗೆ ಹೇಳಿದೆ. "ಸಿಸ್ಟಮ್ ಅಲ್ವಾ, ಒಂದೆರಡು ಹಾಗೆ ಆಗ್ತದೆ" ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಬಂದದ್ದು ಅಂಥ ಬುದ್ಧಿ.

ಆದಿತ್ಯವಾರ ಬಸ್ಸು ಹತ್ತಿ ಪಡೀಲಿಗೆ, ಅಕ್ಕನ ಮನೆಗೆ ಹೋದೆ. ಎರಡೂ ಕಾಗದದ ಪ್ರಿಂಟ್ ಚೀಲದಲ್ಲಿತ್ತು, ಹತ್ತೊಂಬತ್ತರದ್ದು, ಎಂಬತ್ತೊಂದರದ್ದು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿದೆ. ಅಕ್ಕ ಬಾಗಿಲು ತೆರೆದು, "ಬಾ, ಕೂತುಕೋ" ಎಂದರು. ಸ್ವಲ್ಪ ಇಳಿದುಹೋಗಿದ್ದರು. ಚಾ ತಂದರು. ನಾನು ಚಾ ಮುಟ್ಟದೆ ಎಲ್ಲ ಒದರಿದೆ. ಚಿತ್ರ, ಅಕ್ಷರ, ಓರೆ ಕಾಗದ, ಸೊನ್ನೆ, ಕಪ್ಪು ಪಟ್ಟಿ. ಅವರು ಎರಡೂ ಕಾಗದವನ್ನು ಕನ್ನಡಕ ಹಾಕಿ ಓದಿದರು. ಮೊದಲಿನ ಹಾಗೆಯೇ ಬೆರಳು ಇಟ್ಟು, ಸಾಲು ಸಾಲು.

"ಎಂಬತ್ತೊಂದಾ?" ಎಂದರು. "ಒಳ್ಳೆಯದೇ ಬಂದಿದೆ."

ಎದ್ದು ಒಳಗೆ ಹೋಗಿ ಅವರೊಂದು ಕಾಗದ ತಂದರು. ಅಂಗಡಿಯವರು ಪ್ರಿಂಟ್ ತೆಗೆದು ಕೊಟ್ಟದ್ದಂತೆ. ನಿಮ್ಮ ಅರ್ಜಿಯನ್ನು ಗಮನವಿಟ್ಟು ಪರಿಶೀಲಿಸಿದ್ದೇವೆ, ಈ ಹುದ್ದೆಗೆ ನಿಮ್ಮ ಅರ್ಹತೆ ಸಾಲದು ಎಂದು ವಿಷಾದದಿಂದ ತಿಳಿಸುತ್ತೇವೆ. ಅರುವತ್ತರ ಕೆಳಗಿನವರಿಗೆ ಸಿಸ್ಟಮ್ ತಾನಾಗಿ ಕಳಿಸುವ ಪತ್ರ ಅದು. ಬರೆದವಳು ನಾನೇ, ಮೊದಲ ವಾರ, ಧಣಿಗಳು ಕೇಳಿದರೆಂದು. ಕೆಳಗೆ ನನ್ನ ಹೆಸರಿತ್ತು.

"ಇದು ನಾನು ಕಳಿಸಿದ್ದಲ್ಲ ಅಕ್ಕ, ಅದೇ ಹೋಗುವುದು. ನಾನು ನಿಮ್ಮ ಅರ್ಜಿ ನೋಡಲೇ ಇಲ್ಲ. ದೇವರಾಣೆ ನಿಮ್ಮ ಹೆಸರು ಹುಡುಕಿದೆ, ನಂಬರು ಹುಡುಕಿದೆ, ಎಲ್ಲೂ ಇರಲಿಲ್ಲ."

"ನಂಬರು ಹುಡುಕಿದೆಯಾ?"

"ಹೌದು. ಸಿಸ್ಟಮಿನಲ್ಲಿ ಹೊಡೆದೆ."

ಅಕ್ಕ ಕನ್ನಡಕ ತೆಗೆದು ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ ಮುಖದಲ್ಲಿ. ಸಿಟ್ಟು ಇದ್ದಿದ್ದರೆ ನಾನೂ ಬೈದು, ಅತ್ತು, ಸರಿ ಮಾಡಿಕೊಳ್ಳುತ್ತಿದ್ದೆ.

"ಹತ್ತು ಅಂಕೆ ಅಲ್ಲಿ ಹೊಡೆದೆಯಲ್ಲ ಮಾರಾಯ್ತಿ," ಎಂದರು, "ಅದನ್ನೇ ಫೋನಿನಲ್ಲಿ ಹೊಡೆಯಬಹುದಿತ್ತು."